ಧ್ವನಿಗೆ ಬೇರೆಯೇ ಬಾಗಿಲು

ಮೊಬೈಲಿನಲ್ಲಿ ಚಿಕ್ಕ ವಿಡಿಯೋ ಹಾಕುವವರಿಗೆ ಸಾಮಾನ್ಯವಾಗಿ ಇರೋದು ಒಂದೇ ಹೆದರಿಕೆ. ಯಾರೋ ಗೊತ್ತಿಲ್ಲದವನು ನನ್ನ ವಿಡಿಯೋ ಪಕ್ಕದಲ್ಲಿ ತನ್ನ ಮುಖ ಇಟ್ಟುಕೊಂಡು ಅಣಕಿಸಿಬಿಟ್ಟರೆ ಏನು ಗತಿ ಅಂತ. ಅದಕ್ಕೇ ಅಡುಗೆ ವಿಡಿಯೋ ಹಾಕುವ ಗೃಹಿಣಿಯಿಂದ ಹಿಡಿದು ಪಾಠ ಹೇಳುವ ಮೇಷ್ಟ್ರವರೆಗೆ ಎಲ್ಲರೂ ಮೊದಲು ಹುಡುಕೋದು ಡ್ಯುಯೆಟ್ ಅಥವಾ ರೀಮಿಕ್ಸ್ ಅನ್ನೋ ಸ್ವಿಚ್ಚು. ಅದನ್ನು ಆಫ್ ಮಾಡಿ, "ಎಲ್ಲಾ ಬಂದ್ ಮಾಡಿದೀನಿ, ಇನ್ನು ಯೋಚನೆ ಇಲ್ಲ" ಅಂತ ನಿರಾಳವಾಗುತ್ತಾರೆ. ವಿಡಿಯೋ ಎಡಿಟಿಂಗ್ ನನ್ನ ಹೊಟ್ಟೆಪಾಡು, ಹಾಗಾಗಿ ಈ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಅವರು ಹಾಕಿರೋದು ಚಿತ್ರದ ಬಾಗಿಲನ್ನು ಮಾತ್ರ. ಧ್ವನಿಗೆ ಬೇರೆಯೇ ಬಾಗಿಲು ಇದೆ, ಅದು ತೆರೆದೇ ಇರುತ್ತೆ.

ಈ ಪದಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಎಲ್ಲವೂ ಒಂದೇ ಅಂತ ಬಹಳ ಜನ ತಿಳಿದಿದ್ದಾರೆ. ಡ್ಯುಯೆಟ್ ಅಂದರೆ ನಿಮ್ಮ ವಿಡಿಯೋ ಒಂದು ಕಡೆ ಓಡುತ್ತಿರುತ್ತೆ, ಅದರ ಪಕ್ಕದಲ್ಲೇ ಇನ್ನೊಬ್ಬರು ತಮ್ಮ ವಿಡಿಯೋ ಸೇರಿಸುತ್ತಾರೆ. ಸ್ಟಿಚ್ ಅಂದರೆ ನಿಮ್ಮ ವಿಡಿಯೋದ ತುಣುಕೊಂದನ್ನು ಮೊದಲಿಗೆ ತೋರಿಸಿ, ಅದರ ಬಾಲಕ್ಕೆ ತಮ್ಮ ಮಾತನ್ನು ಹೊಲಿಯೋದು. ಟಿಕ್‌ಟಾಕ್ ಇದನ್ನು 2020ರ ಸೆಪ್ಟೆಂಬರಿನಲ್ಲಿ ತಂದಾಗ ಆ ತುಣುಕಿಗೆ ಐದು ಸೆಕೆಂಡಿನ ಮಿತಿ ಇತ್ತು. ಅಷ್ಟರಲ್ಲಿ ನಮ್ಮ ದೇಶದಲ್ಲಿ ಟಿಕ್‌ಟಾಕ್ ನಿಂತುಹೋಗಿತ್ತು, ಆ ವರ್ಷ ಜೂನ್ 29ಕ್ಕೇ ನಿಷೇಧವಾಗಿತ್ತು. ಹಾಗಾಗಿ ಡ್ಯುಯೆಟ್ ನಮ್ಮ ಹಳ್ಳಿಗಳಿಗೂ ಗೊತ್ತು, ಸ್ಟಿಚ್ ಅನ್ನೋ ಹೆಸರು ಅಷ್ಟಾಗಿ ಗೊತ್ತಿಲ್ಲ. ಆಮೇಲೆ 2021ರಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್‌ಗೆ ರೀಮಿಕ್ಸ್ ಬಂತು, ಡ್ಯುಯೆಟ್ಟಿನದೇ ತಮ್ಮ ಅನ್ನಿ.

ಈ ಮೂರರಲ್ಲೂ ಒಂದು ಸಮಾನ ಗುಣ ಇದೆ. ನೀವು ಚೌಕಟ್ಟಿನ ಒಳಗೇ ಇರುತ್ತೀರಿ. ನಿಮ್ಮ ಮುಖ ಕಾಣುತ್ತೆ, ಮೂಲ ವಿಡಿಯೋ ಯಾರದ್ದು ಅನ್ನೋ ಹೆಸರು ಕೂಡಾ ಅಂಟಿಕೊಂಡು ಬರುತ್ತೆ. ಬೈದರೂ ನಿಮ್ಮನ್ನು ಎದುರಿಗೆ ಕೂರಿಸಿಕೊಂಡೇ ಬೈಯಬೇಕು. ನೋಡುವವನಿಗೆ ನೀವು ನಿಜವಾಗಿ ಏನು ಹೇಳಿದಿರಿ ಅನ್ನೋದೂ ಒಂದಿಷ್ಟಾದರೂ ಕೇಳಿಸುತ್ತೆ.

ಆಡಿಯೋ ಬಳಕೆ ಹಾಗಲ್ಲ. ಪಬ್ಲಿಕ್ ಖಾತೆಯಿಂದ ನಿಮ್ಮದೇ ಧ್ವನಿ ಇರುವ ರೀಲ್ ಹಾಕಿದ ತಕ್ಷಣ ಆ್ಯಪ್ ಆ ಧ್ವನಿಯನ್ನು ಬಿಡಿಸಿಕೊಂಡು ಅದಕ್ಕೊಂದು ಬೇರೆ ಪುಟ ಮಾಡುತ್ತೆ. ಕೆಳಗೆ `Original audio` ಅಂತ ಸಣ್ಣಕ್ಷರದಲ್ಲಿ ಓಡುತ್ತಿರುತ್ತಲ್ಲ, ಅದನ್ನು ಒತ್ತಿದರೆ ಆ ಪುಟ ತೆರೆದುಕೊಳ್ಳುತ್ತೆ. ಅಲ್ಲಿ `Use audio` ಅಂತ ಒಂದು ಗುಂಡಿ. ಒತ್ತಿದವರಿಗೆ ನಿಮ್ಮ ಧ್ವನಿ ಸಿಗುತ್ತೆ, ನಿಮ್ಮ ಮುಖ, ಮನೆ, ಸಂದರ್ಭ ಯಾವುದೂ ಜೊತೆಗೆ ಬರಲ್ಲ. ಧ್ವನಿ ಒಂದು, ಚಿತ್ರ ಸಾವಿರ.

ಈ ಎರಡು ಬಾಗಿಲು ಬೇರೆ ಬೇರೆ ಅನ್ನೋದನ್ನು ಅತ್ಯಂತ ಸ್ಪಷ್ಟವಾಗಿ ಕಾಣಬೇಕಂದ್ರೆ ಯೂಟ್ಯೂಬ್ ಸ್ಟುಡಿಯೋಗೆ ಹೋಗಿ ಒಂದು ಉದ್ದನೆಯ ವಿಡಿಯೋದ ವಿವರಗಳನ್ನು ತೆರೆಯಿರಿ. ಶಾರ್ಟ್ಸ್ ರೀಮಿಕ್ಸಿಗೆ ಅಲ್ಲಿ ಮೂರು ಆಯ್ಕೆ ಇವೆ. ಚಿತ್ರ ಮತ್ತು ಧ್ವನಿ ಎರಡಕ್ಕೂ ಒಪ್ಪಿಗೆ, `Allow only audio remixing`, ಎರಡೂ ಬೇಡ. ಮಧ್ಯದ್ದನ್ನು ಗಮನಿಸಿ. ಬರೀ ಧ್ವನಿ ಕೊಡುತ್ತೇನೆ ಅನ್ನಬಹುದು. ಬರೀ ಚಿತ್ರ ಕೊಡುತ್ತೇನೆ, ಧ್ವನಿ ಕೊಡಲ್ಲ ಅನ್ನೋ ನಾಲ್ಕನೇ ಆಯ್ಕೆ ಇಲ್ಲ. ಮುಖ ಅಂದರೆ ಸ್ವಂತದ್ದು, ಧ್ವನಿ ಅಂದರೆ ಸಾಮಾನು, ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು ಅನ್ನೋ ಹಾಗಿದೆ ಲೆಕ್ಕ. ಅದಕ್ಕೆ ಕಾರಣವೂ ಇದೆ. ಈ ಆ್ಯಪ್‌ಗಳಲ್ಲಿ ವಿಡಿಯೋಗಳನ್ನು ಒಂದಕ್ಕೊಂದು ಪೋಣಿಸುವ ದಾರ ಧ್ವನಿಯೇ. ಒಂದೇ ಆಡಿಯೋ ಮೇಲೆ ಎಷ್ಟು ಜನ ಕುಣಿದರೆ ಅಷ್ಟು ಟ್ರೆಂಡು. ದಾರವನ್ನೇ ಯಾರ್ಯಾರೋ ಒಳಗೆ ಎಳೆದುಕೊಂಡರೆ ಹಾರ ಆಗೋದು ಹೇಗೆ?

ಎದುರು ನಿಲ್ಲಿಸಿಕೊಂಡು ಮಾಡೋದು ಕೆಟ್ಟದ್ದೇ ಆಗಬೇಕಿಲ್ಲ ಅನ್ನೋದಕ್ಕೆ ನೇಥನ್ ಇವಾನ್ಸ್ ಕತೆ ನೆನಪಾಗುತ್ತೆ. ಸ್ಕಾಟ್ಲೆಂಡಿನಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದ ಹುಡುಗ. 2020ರ ಕೊನೆಯಲ್ಲಿ, ತಿಮಿಂಗಿಲ ಬೇಟೆಯವರಿಗೆ ಸಂಬಂಧಪಟ್ಟ 'ವೆಲ್ಲರ್‌ಮನ್' ಅನ್ನೋ ನ್ಯೂಜಿಲೆಂಡಿನ ಹಳೇ ಹಾಡನ್ನು ಟಿಕ್‌ಟಾಕಿನಲ್ಲಿ ಒಬ್ಬನೇ ಹಾಡಿ ಹಾಕಿದ. ಯಾರೋ ಒಬ್ಬರು ಡ್ಯುಯೆಟ್ ಮಾಡಿ ಕೆಳಸ್ಥಾಯಿಯ ದನಿ ಸೇರಿಸಿದರು. ಅದರ ಮೇಲೆ ಇನ್ನೊಬ್ಬರು, ಅದರ ಮೇಲೆ ಪಿಟೀಲು. ನೋಡನೋಡುತ್ತಿದ್ದ ಹಾಗೆ ಒಬ್ಬರನ್ನೊಬ್ಬರು ನೋಡಿರದ ಜನರ ಒಂದು ಗೋಷ್ಠಿಯೇ ಆಯ್ತು. ಮುಂದಿನ ಜನವರಿಯಲ್ಲೇ ಅವನಿಗೆ ದೊಡ್ಡ ರೆಕಾರ್ಡ್ ಕಂಪನಿಯ ಕರಾರು ಸಿಕ್ಕಿತು. ಹಾಡು ಯಾರದ್ದೂ ಅಲ್ಲ, ಹಾಡಿದ ದನಿಗಳಿಗೆ ಮಾತ್ರ ಮುಖ ಇತ್ತು, ಹೆಸರಿತ್ತು. ನಮ್ಮ ಸೋಬಾನೆಯಲ್ಲೂ ಇದೇ ತಾನೆ? ಒಬ್ಬರು ಪದ ಎತ್ತುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಎತ್ತಿದವರು ಯಾರು ಅಂತ ಚಪ್ಪರದಲ್ಲಿ ಇದ್ದವರಿಗೆಲ್ಲ ಗೊತ್ತಿರುತ್ತೆ.

ಸೋಬಾನೆ ಅಂದಾಗ ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳಬೇಕು. ನಮ್ಮ ದೊಡ್ಡಮ್ಮ ಮಂಡ್ಯ ಕಡೆಯ ಹಳ್ಳಿಯವರು. ಸುತ್ತಲಿನ ಊರುಗಳಲ್ಲಿ ಮದುವೆ ಅಂದರೆ ಪದ ಹೇಳೋದಕ್ಕೆ ಅವರನ್ನೇ ಕರೆಯುತ್ತಿದ್ದರು. ಅವರ ಸೊಸೆ, ಅಂದರೆ ನಮ್ಮ ಅತ್ತಿಗೆ, ಒಂದು ದಿನ ಹಟ್ಟಿ ಜಗಲಿ ಮೇಲೆ ಕೂತ ಅತ್ತೆಯಿಂದ ಹೆಣ್ಣೊಪ್ಪಿಸುವ ಪದ ಹೇಳಿಸಿ ವಿಡಿಯೋ ಮಾಡಿ ಹಾಕಿದರು. ನಲವತ್ತು ಸೆಕೆಂಡಿನದು. ಹಾಕುವಾಗಲೇ ಬಹಳ ಎಚ್ಚರಿಕೆಯಿಂದ ರೀಮಿಕ್ಸ್ ಆಫ್ ಮಾಡಿದ್ದರು. ಅತ್ತೆಯ ಪಕ್ಕ ಯಾವನೋ ಕೋಡಂಗಿ ಬಂದು ನಿಂತುಕೊಳ್ಳಬಾರದು ಅಂತ. ಹಾಗೇ ಆಯ್ತು, ಪಕ್ಕಕ್ಕೆ ಯಾರೂ ಬರಲಿಲ್ಲ.

ಎರಡು ತಿಂಗಳಾದ ಮೇಲೆ ಪಕ್ಕದ ಮನೆ ಹುಡುಗಿ, "ಅಜ್ಜಿ, ನಿಮ್ಮ ಪದ ಎಲ್ರ ಮದ್ವೆ ರೀಲಲ್ಲೂ ಐತೆ" ಅಂದಳು. ಅತ್ತಿಗೆ ನನಗೆ ಫೋನ್ ಮಾಡಿದರು. ನಾನು ಆಡಿಯೋ ಪುಟ ತೆರೆದು ನೋಡಿದರೆ ಅದರ ಮೇಲೆ 200ಕ್ಕೂ ಹೆಚ್ಚು ರೀಲ್ ಇದ್ದವು. ಒಂದು ಭಾನುವಾರ ಕೂತು ಎಷ್ಟಾಗುತ್ತೋ ಅಷ್ಟನ್ನೂ ನೋಡಿದೆವು, ದೊಡ್ಡಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡು.

ಬಹುಪಾಲು ಮದುವೆಯದ್ದೇ. ಕಣ್ಣು ಒರೆಸಿಕೊಳ್ಳುವ ಅಪ್ಪಂದಿರು, ಕಾರು ಹತ್ತುವ ಮದುಮಗಳು. ದೊಡ್ಡಮ್ಮನಿಗೆ ಖುಷಿಯೋ ಖುಷಿ. "ಇದ್ಯಾವೂರು? ಇದ್ಯಾರ್ ಮಗ್ಳು?" ಅಂತ ಒಂದೊಂದಕ್ಕೂ ವಿಚಾರಣೆ. ಒಬ್ಬ ಹುಡುಗ ತನ್ನ ಹಳೇ ಬೈಕನ್ನು ಗುಜರಿಯವನಿಗೆ ಕೊಡುವಾಗ ಈ ಪದ ಹಾಕಿದ್ದ. ಅದಕ್ಕಂತೂ ದೊಡ್ಡಮ್ಮ ಬಿದ್ದು ಬಿದ್ದು ನಕ್ಕರು. ಆಮೇಲೆ ಒಂದು ಚಿನ್ನದಂಗಡಿಯ ಜಾಹೀರಾತು ಬಂತು. ಮಾಡೆಲ್ ಹುಡುಗಿ, ಸರ, ರೇಟು, ಕೆಳಗೆ ಫೋನ್ ನಂಬರು, ಹಿಂದೆ ದೊಡ್ಡಮ್ಮನ ದನಿ. ಅವರ ನಗು ನಿಂತಿತು. "ನಾ ಇವ್ರ ಅಂಗ್ಡಿಗೆ ಪದ ಏಳಿದ್ನಾ?" ಅಂದರು.

ಅದಾದ ಮೇಲಿನದು ಯಾವ ಹಾಡೂ ಹೊಂದದ ವಿಡಿಯೋ. ಒಬ್ಬ ಯುವತಿಯ ಫೋಟೋಗಳು, ಮದುವೆ ದಿನದ್ದು, ಅರಿಸಿನ ಹಚ್ಚಿದ್ದು. ಕೊನೆಗೆ ಹಾರ ಹಾಕಿದ ಒಂದು ಫೋಟೋ. ಹಾಕಿದವನು ಅವಳ ಅಣ್ಣ. ಮದುವೆಯಾದ ವರ್ಷದೊಳಗೆ ತಂಗಿ ಹೋದಳು ಅಂತ ಮಾತ್ರ ಬರೆದಿದ್ದ. ಮಗಳನ್ನು ಚೆನ್ನಾಗಿ ನೋಡಿಕೊಳ್ಳಿ ಅಂತ ಗಂಡಿನ ಕಡೆಯವರನ್ನು ಕೇಳಿಕೊಳ್ಳುವ ಪದ ಅದು. ಅತ್ತಿಗೆ ಫೋನು ಕೆಳಗಿಟ್ಟುಬಿಟ್ಟರು. "ತೆಗೆಸ್ಬಿಡೋಣ ಅತ್ತೆ?" ಅಂದರು. ದೊಡ್ಡಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದೊಂದ ಮುಟ್ಬೇಡ ಕಣವ್ವ. ಆ ಪದ ಆ ಮಗೀಗೇ ಇರ್ಲಿ" ಅಂದರು.

ಒಂದೇ ಧ್ವನಿ, ಒಂದೇ ಗುಂಡಿ. ಮದುಮಗಳಿಗೆ ಒಂದು ಉತ್ತರ, ಅಂಗಡಿಗೆ ಇನ್ನೊಂದು, ಆ ಅಣ್ಣನಿಗೆ ಮತ್ತೊಂದು. ದೊಡ್ಡಮ್ಮನಿಗೆ ಮೂರೂ ಗೊತ್ತಿದ್ದವು, ಯಾರೂ ಕೇಳಲಿಲ್ಲ ಅಷ್ಟೇ. ಆ್ಯಪ್ ಕೇಳೋದು ಒಂದೇ ಸಲ, ಅದೂ ವಿಡಿಯೋ ಹಾಕುವ ಮುಂಚೆ, ಯಾರು ಯಾವುದಕ್ಕೆ ಬಳಸುತ್ತಾರೆ ಅಂತ ಯಾರಿಗೂ ಗೊತ್ತಿಲ್ಲದಿರುವಾಗ.

ಅಂಗಡಿಯ ವಿಷಯಕ್ಕೆ ಬರೋಣ. ಅಂಗಡಿಗಳು ಇಂಥ ಧ್ವನಿಗಳ ಹಿಂದೆ ಬೀಳೋದಕ್ಕೆ ಒಂದು ಕಾರಣ ಇದೆ. ಇನ್‌ಸ್ಟಾಗ್ರಾಮಿನಲ್ಲಿ ಬಿಸಿನೆಸ್ ಖಾತೆಗೆ ಸಿನಿಮಾ ಹಾಡಿನಂಥ ಪರವಾನಗಿಯ ಸಂಗೀತ ಎಲ್ಲವೂ ಸಿಗಲ್ಲ. ವ್ಯಾಪಾರಕ್ಕೆ ಬಳಸೋದಾದರೆ ಕಂಪನಿಗಳಿಗೆ ಬೇರೆ ದುಡ್ಡು ಕೊಡಬೇಕು. ಕಂಪನಿಯ ಹಾಡಿಗೆ ಕಾವಲುಗಾರ ಇದ್ದಾನೆ, ಹಟ್ಟಿ ಜಗಲಿಯ ಪದಕ್ಕೆ ಇಲ್ಲ. ನಾನು ಆ ಅಂಗಡಿಗೆ ಫೋನ್ ಮಾಡಿದಾಗ ಮಾಲೀಕರ ಮಗ, "ಆ್ಯಪಲ್ಲೇ ಗುಂಡಿ ಇತ್ತಲ್ಲ ಸಾರ್, ಒತ್ತಿದ್ವಿ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಇವರು ಯಾರು, ಯಾಕೆ ಬೇಡ ಅನ್ನುತ್ತಿದ್ದಾರೆ ಅಂತ ವಿವರಿಸಿದ ಮೇಲೆ ಎರಡು ದಿನ ಬಿಟ್ಟು ಹಾಡು ಬದಲಾಯಿಸಿದ. ಕಾನೂನಿನಿಂದಲ್ಲ, ಮಾತಿನಿಂದ.

ಕಷ್ಟ ಕೊಟ್ಟಿದ್ದು ಇನ್ನೊಂದು ಪೇಜು. ಅವರು ಗುಂಡಿ ಒತ್ತುವ ಗೋಜಿಗೇ ಹೋಗಿರಲಿಲ್ಲ. ವಿಡಿಯೋವನ್ನು ಸ್ಕ್ರೀನ್ ರೆಕಾರ್ಡ್ ಮಾಡಿಕೊಂಡು, ಪದದ ಒಂಬತ್ತು ಸೆಕೆಂಡು ಕತ್ತರಿಸಿ, ಅಡಿಯಲ್ಲಿ ಒಂದು ತಮಟೆ ಬೀಟ್ ಸೇರಿಸಿ ಹೊಸದಾಗಿ ಏರಿಸಿದ್ದರು. ಈಗ ಅದು ಅವರ ಹೆಸರಿನ ಒರಿಜಿನಲ್ ಆಡಿಯೋ. ಅದಕ್ಕೆ ಅದರದೇ ಪುಟ, ಅದರ ಮೇಲೆ ನಮ್ಮದಕ್ಕಿಂತ ಹೆಚ್ಚು ರೀಲ್. ಒರಿಜಿನಲ್ ಅನ್ನೋ ಮಾತಿಗೆ ಇಲ್ಲಿ ಮೂಲ ಅನ್ನೋ ಅರ್ಥ ಇಲ್ಲ, ಈ ಖಾತೆಯಿಂದ ಏರಿದ್ದು ಅನ್ನೋದಷ್ಟೇ ಅರ್ಥ. ನಿಮ್ಮ ಧ್ವನಿ ಹೀಗೆ ಕೈ ಬದಲಾಯಿಸಿದೆಯೋ ಇಲ್ಲವೋ ತಿಳಿಯಬೇಕಾದರೆ ರೀಲಿನ ಕೆಳಗಿನ ಆಡಿಯೋ ಹೆಸರು ಒತ್ತಿ ನೋಡಿ. ಪುಟ ನಿಮ್ಮ ಖಾತೆಗೆ ಬಂದು ನಿಂತರೆ ಅದು ಗುಂಡಿಯಿಂದ ಹೋದದ್ದು. ಬೇರೆ ಖಾತೆಗೆ ಹೋಗಿ ನಿಂತರೆ ಅದು ಕಾಪಿ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಮಾತು. ಎರಡನೆಯದಕ್ಕೆ ಕಾಪಿರೈಟ್ ದೂರು.

ಆ ದೂರಿನ ಫಾರ್ಮ್ ತುಂಬುವಾಗ ನಿಜವಾದ ಪ್ರಶ್ನೆ ಎದ್ದಿತು. ಹಕ್ಕುದಾರರು ಯಾರು? ಪದ ಜನಪದರದ್ದು, ಅದಕ್ಕೆ ಒಡೆಯರಿಲ್ಲ. ಹಾಗಂತ ಆ ದನಿಗೂ ಒಡೆಯರಿಲ್ಲ ಅಂತಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಾಡು ಬೇರೆ, ಹಾಡಿದವರ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ಹಾಡಿದವರಿಗೆ ಪ್ರದರ್ಶಕರ ಹಕ್ಕು ಐವತ್ತು ವರ್ಷ ಇರುತ್ತೆ, ಅದು ದೊಡ್ಡಮ್ಮನದು. ಮುದ್ರಣ ಮಾಡಲು ಮುಂದಾಗಿ ಅದರ ಜವಾಬ್ದಾರಿ ಹೊತ್ತವರಿಗೆ ಆ ಮುದ್ರಣದ ಹಕ್ಕು, ಅದು ಫೋನು ಹಿಡಿದ ಅತ್ತಿಗೆಯದು. 2012ರ ತಿದ್ದುಪಡಿಯಲ್ಲಿ ಹಾಡಿದವರಿಗೆ ಇನ್ನೂ ಒಂದು ಬಲ ಸಿಕ್ಕಿದೆ, 38ಬಿ ಅನ್ನೋ ಸೆಕ್ಷನ್. ಹಾಡಿದ್ದು ನಾನೇ ಅಂತ ಗುರುತಿಸಿ ಅಂತ ಕೇಳಬಹುದು. ಹೆಸರಿಗೆ ಧಕ್ಕೆ ಬರುವ ಹಾಗೆ ಅದನ್ನು ವಿರೂಪ ಮಾಡಿದರೆ ತಡೆಯಬಹುದು. ಆದರೆ ಅಲ್ಲೇ ಒಂದು ವಿವರಣೆಯೂ ಇದೆ. ಎಡಿಟಿಂಗಿಗಾಗಿ, ಸಮಯಕ್ಕೆ ಹೊಂದಿಸೋದಕ್ಕಾಗಿ ಒಂದು ಭಾಗ ತೆಗೆದರೆ ಅಷ್ಟಕ್ಕೇ ಧಕ್ಕೆ ಆಯ್ತು ಅನ್ನೋ ಹಾಗಿಲ್ಲ. ಅಂದರೆ ನಲವತ್ತು ಸೆಕೆಂಡನ್ನು ಒಂಬತ್ತು ಮಾಡಿದ್ದು ನಮ್ಮ ವಾದಕ್ಕೆ ದೊಡ್ಡ ಅಸ್ತ್ರವಲ್ಲ. ಕೇಳದೆ ನಕಲು ಮಾಡಿ ತಮ್ಮ ಹೆಸರಲ್ಲಿ ಹಾಕಿಕೊಂಡಿದ್ದೇ ಅಸ್ತ್ರ.

ಹಾಗಾಗಿ ದೂರು ಕೊಟ್ಟಿದ್ದು ಅತ್ತಿಗೆ, ಮುದ್ರಣದ ಒಡತಿಯಾಗಿ. ಮೂಲ ವಿಡಿಯೋದ ಲಿಂಕು, ಕಾಪಿಯ ಲಿಂಕು, ಯಾವ ಸೆಕೆಂಡಿನಿಂದ ಯಾವ ಸೆಕೆಂಡಿನವರೆಗೆ ಅನ್ನೋ ವಿವರ, ಜೊತೆಗೆ ಇದು ನಿಜ ಅನ್ನೋ ಘೋಷಣೆ. ಒಂದು ಎಚ್ಚರಿಕೆ ಬೇಕು. ದೂರು ಕೊಟ್ಟವರ ಹೆಸರು, ಇಮೇಲು ಎದುರಿನವರಿಗೆ ಹೋಗಬಹುದು ಅಂತ ಇಂಥ ಫಾರ್ಮಿನಲ್ಲೇ ಬರೆದಿರುತ್ತೆ, ಹಾಗಾಗಿ ಮನೆಯ ಸ್ವಂತ ಇಮೇಲ್ ಬದಲು ಬೇರೊಂದನ್ನು ಕೊಡೋದು ಒಳ್ಳೇದು. ಕೆಲವು ದಿನದಲ್ಲಿ ಆ ಪೇಜಿನ ವಿಡಿಯೋ ಹೋಯ್ತು. ಅಷ್ಟರಲ್ಲಿ ಅದನ್ನು ಇಳಿಸಿಕೊಂಡಿದ್ದ ಇನ್ನಿಬ್ಬರು ತಮ್ಮ ತಮ್ಮ ಹೆಸರಲ್ಲಿ ಏರಿಸಿಯಾಗಿತ್ತು. ಒಂದು ಕಳೆ ಕಿತ್ತರೆ ಎರಡು ಮೊಳಕೆ.

ಮೂಲ ವಿಡಿಯೋವನ್ನೇ ಅಳಿಸಿಬಿಡೋಣ, ಇಲ್ಲಾ ಖಾತೆಯನ್ನೇ ಪ್ರೈವೇಟ್ ಮಾಡೋಣ ಅಂತ ಅತ್ತಿಗೆ ಕೇಳಿದರು. ಪ್ರೈವೇಟ್ ಖಾತೆಯ ಧ್ವನಿಯನ್ನು ಬೇರೆಯವರು ಗುಂಡಿ ಒತ್ತಿ ತೆಗೆದುಕೊಳ್ಳಲು ಆಗಲ್ಲ, ಅದು ನಿಜ. ಆದರೆ ಹೊಸದಾಗಿ ಏರಿಸಿಕೊಂಡ ಕಾಪಿಗಳಿಗೂ ನಿಮ್ಮ ಸ್ವಿಚ್ಚಿಗೂ ಸಂಬಂಧವೇ ಇರಲ್ಲ. ಅಳಿಸಿದರೆ ಹೋಗೋದು ದೊಡ್ಡಮ್ಮನ ಮುಖ ಇರುವ, ಇದು ಇವರದ್ದು ಅಂತ ತೋರಿಸುವ ಏಕೈಕ ಸಾಕ್ಷಿ. ಕಾಪಿಗಳು ಉಳಿದು ಮೂಲ ಮಾಯವಾದರೆ ನಾಳೆ ದೂರು ಕೊಡೋದಕ್ಕೂ ಲಿಂಕು ಇರಲ್ಲ. ಅದಕ್ಕೇ ಬೇಡ ಅಂದೆ. ಬದಲಿಗೆ ಆಡಿಯೋದ ಹೆಸರನ್ನು ಬದಲಿಸಿದೆವು. ಬರೀ ಒರಿಜಿನಲ್ ಆಡಿಯೋ ಅಂತಿದ್ದ ಕಡೆ ದೊಡ್ಡಮ್ಮನ ಹೆಸರು, ಊರು, ಪದದ ಜಾತಿ ಬಂತು. ಇನ್‌ಸ್ಟಾಗ್ರಾಮಿನಲ್ಲಾದರೆ ಈ ಹೆಸರು ಬದಲಿಸೋ ಅವಕಾಶ ಒಂದೇ ಸಲ, ಕಾಗುಣಿತ ಎರಡು ಸಲ ನೋಡಿಕೊಂಡು ಒತ್ತಿ.

ಆದರೆ ಕಾಪಿ ಮಾಡುವವರು ಆ ಬರೆದ ಹೆಸರನ್ನು ಬಿಟ್ಟು ಧ್ವನಿ ಮಾತ್ರ ಒಯ್ಯುತ್ತಾರಲ್ಲ? ಅದಕ್ಕೆ ಉತ್ತರ ಸಿಕ್ಕಿದ್ದು ನೂರು ವರ್ಷಕ್ಕೂ ಹಳೆಯ ಗ್ರಾಮಫೋನ್ ತಟ್ಟೆಗಳಿಂದ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ರೆಕಾರ್ಡ್ ಕೊಟ್ಟಾಗ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಕೂಗಿ ಹೇಳುತ್ತಿದ್ದರು. ಮುದ್ರಣ ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಯಾಗಬೇಕಿತ್ತು, ಅಲ್ಲಿಯವರಿಗೆ ಈ ದನಿ ಯಾರದ್ದು ಅಂತ ಗೊತ್ತಾಗಿ ಸರಿಯಾದ ಚೀಟಿ ಅಂಟಿಸಲಿ ಅಂತ. ಚೀಟಿ ಕಳೆದುಹೋಗಬಹುದು, ಧ್ವನಿಯೊಳಗೇ ಇರುವ ಹೆಸರು ಕಳೆಯಲ್ಲ. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ದೊಡ್ಡಮ್ಮ ಈಗ ಅದನ್ನೇ ಮಾಡುತ್ತಾರೆ, ಒಂದು ಸಣ್ಣ ತಿದ್ದುಪಡಿಯೊಂದಿಗೆ. ಮೊದಲಲ್ಲೋ ಕೊನೆಯಲ್ಲೋ ಹೆಸರು ಹೇಳಿದರೆ ಕತ್ತರಿಸಿ ಬಿಸಾಡೋದು ಸುಲಭ. ಹಾಗಾಗಿ ಎರಡು ಸೊಲ್ಲಿನ ನಡುವೆ, ಉಸಿರು ತೆಗೆದುಕೊಳ್ಳುವ ಜಾಗದಲ್ಲಿ, ತಮ್ಮ ಹೆಸರು ಊರು ಹೇಳಿ ಮುಂದಿನ ಸೊಲ್ಲಿಗೆ ಹೋಗುತ್ತಾರೆ. ಎರಡು ಸೆಕೆಂಡು ಸಾಕು. ಅದನ್ನು ಕತ್ತರಿಸಬೇಕಾದರೆ ಪದದ ಲಯವೇ ಮುರಿಯುತ್ತೆ. ಕದಿಯಬೇಕು ಅಂತಲೇ ಕೂತವನನ್ನು ಇದು ತಡೆಯಲ್ಲ. ಒಂದೇ ಸೊಲ್ಲು ಎತ್ತಿಕೊಂಡರೆ ಹೆಸರು ಅಲ್ಲೇ ಉಳಿಯುತ್ತೆ. ಆದರೆ ಗುಂಡಿ ಒತ್ತಿ ತೆಗೆದುಕೊಳ್ಳುವ ಸಾಮಾನ್ಯ ಜನರ ರೀಲಿನಲ್ಲಿ ಈಗ ಅವರ ಹೆಸರು ಕೇಳಿಸುತ್ತೆ.

ಅತ್ತಿಗೆಯೂ ಒಂದು ಬದಲಾವಣೆ ಮಾಡಿಕೊಂಡಿದ್ದಾರೆ. ಹೊಸ ವಿಡಿಯೋಗಳಿಗೆ ರೀಮಿಕ್ಸ್ ಆನ್ ಇಡುತ್ತಾರೆ. ಪಕ್ಕ ಬಂದು ನಿಲ್ಲೋರು ನಿಲ್ಲಲಿ, ಅತ್ತೆಯ ಮುಖ ಕಾಣೋ ಹಾಗೆ ಸೊಲ್ಲು ಹಿಡಿಯಲಿ ಅಂತ. ಮೊನ್ನೆ ಪಾಂಡವಪುರ ಕಡೆಯ ಇಬ್ಬರು ಹೆಂಗಸರು ಹಾಗೇ ಪಕ್ಕದಲ್ಲಿ ಕೂತು, ದೊಡ್ಡಮ್ಮ ಎತ್ತಿದ ಪದಕ್ಕೆ ತಮ್ಮೂರಿನ ಸೊಲ್ಲು ಸೇರಿಸಿದ್ದರು. ಒಂದು ಕಡೆ ಅವರು ತಪ್ಪು ಹೇಳಿದರು ಅಂತ ದೊಡ್ಡಮ್ಮನ ವಾದ. ಅವರ ಹೆಸರು, ಊರು ಎರಡೂ ಗೊತ್ತಾಗಿರೋದರಿಂದ, ಹೋಗಿ ಜಗಳ ಮಾಡೋದಕ್ಕೂ ದಾರಿ ಇದೆ.